ಒಂದು ಪ್ಯಾನ್‌ಗೆ ಒಂದು ಸಾಲು: ವೆಂಡರ್ ಪ್ರೊಫೈಲ್ ಶೀಟ್ ಕಟ್ಟುವ ಕ್ರಮ

ಹುಬ್ಬಳ್ಳಿ, ಧಾರವಾಡದ ಪರ್ಚೇಸ್ ವಿಭಾಗದ ಗೆಳೆಯರು ತಮ್ಮ ವೆಂಡರ್ ಶೀಟ್ ನನಗೆ ತೋರಿಸುತ್ತಿರುತ್ತಾರೆ. ಹೆಚ್ಚಿನ ಶೀಟ್‌ಗಳಲ್ಲಿ ಒಂದೇ ತಪ್ಪು. ಮೊದಲ ಕಾಲಂನಲ್ಲಿ ಅಂಗಡಿಯ ಬೋರ್ಡಿನ ಮೇಲಿರುವ ಹೆಸರು ಇರುತ್ತದೆ, ಉಳಿದದ್ದೆಲ್ಲ ಆ ಹೆಸರಿಗೆ ಜೋತುಬಿದ್ದಿರುತ್ತದೆ. ಬೋರ್ಡು ಹಾಗೇ ಇದ್ದು ಹಿಂದಿನ ಮಾಲೀಕತ್ವ ಬದಲಾದ ದಿನ ಇಡೀ ಸಾಲು ಸುಳ್ಳಾಗುತ್ತದೆ. ಅದು ಗೊತ್ತಾಗುವುದು ಮಾರ್ಚ್‌ನಲ್ಲಿ, ಆಡಿಟರ್ ಕೇಳಿದಾಗ.

ಹಾಗಾಗಿ ಇಲ್ಲಿ ಒಂದೇ ಉದಾಹರಣೆಯನ್ನು ಕೊನೆವರೆಗೆ ಹಿಡಿದುಕೊಂಡು ಹೋಗುತ್ತೇನೆ. ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್. ನಾನು ಆಗ ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಬ್ರ್ಯಾಕೆಟ್ ಮಾಡಿಕೊಡುತ್ತಿತ್ತು. ನಮ್ಮದೇ ಶೀಟ್ ಮೆಟಲ್ ಒಯ್ದು ಬೆಂಡಿಂಗ್, ವೆಲ್ಡಿಂಗ್ ಜಾಬ್‌ವರ್ಕ್ ಕೂಡ ಮಾಡುತ್ತಿತ್ತು. ತಂದೆಯವರು ಒಬ್ಬರೇ ಮಾಲೀಕರು. ಅವರು ತೀರಿಕೊಂಡ ಮೇಲೆ ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳು ಸೇರಿ ಪಾಲುದಾರಿಕೆ ಮಾಡಿಕೊಂಡು ಕೆಲಸ ಮುಂದುವರಿಸಿದರು. ಅದೇ ಬೋರ್ಡು, ಅದೇ ಮೊಬೈಲ್ ನಂಬರು. ಹೊಸ ಜಿಎಸ್‌ಟಿ ನಂಬರ್ ಬಂದಾಗ ನಮ್ಮ ಸ್ಟೋರ್‌ನವರು ಹೇಳಿದ್ದು ಇಷ್ಟೇ: “ಅವರ ಅದಾರ್ರಿ ಸರ, ಅಪ್ಪಾರು ಹೋದ ಮ್ಯಾಲೆ ಮಕ್ಕಳು ನಡಸ್ಯಾರ. ನಂಬರ್ ಅಷ್ಟ ಬದ್ಲಿ ಮಾಡ್ರಿ.” ನಾನು ನಂಬರ್ ಅಷ್ಟೇ ಬದಲಿ ಮಾಡಿದೆ. ಅದು ನನ್ನ ತಪ್ಪು. ಅದರಿಂದ ಏನೇನು ಕೆಟ್ಟಿತು ಅನ್ನುವುದು ಮುಂದೆ ಆಯಾ ಜಾಗದಲ್ಲಿ ಬರುತ್ತದೆ.

## ಹಂತ 1: ಶೀಟ್ ತೆರೆಯುವ ಮುಂಚೆ ಕಾಗದ ತರಿಸಿಕೊಳ್ಳಿ

ಫೋನ್‌ನಲ್ಲಿ ಕೇಳಿ ತುಂಬಬೇಡಿ. ಪ್ಯಾನ್ ಕಾರ್ಡ್ ಪ್ರತಿ, ಜಿಎಸ್‌ಟಿ ನೋಂದಣಿ ಪ್ರಮಾಣಪತ್ರ, ಉದ್ಯಮ್ ಪ್ರಮಾಣಪತ್ರ, ಕ್ಯಾನ್ಸಲ್ ಮಾಡಿದ ಚೆಕ್, ಈ ನಾಲ್ಕು ಸಾಮಾನ್ಯವಾಗಿ ಎಲ್ಲರಿಂದಲೂ ಬೇಕು. ಪಾಲುದಾರಿಕೆ ಇದ್ದರೆ ಪಾಲುದಾರಿಕೆ ಪತ್ರ ಸೇರಿಸಿ. ಕಂಪನಿ ಇದ್ದರೆ ನೋಂದಣಿ ಪ್ರಮಾಣಪತ್ರ ಮತ್ತು ಷೇರುದಾರರ ಪಟ್ಟಿ ಸೇರಿಸಿ.

ಸಣ್ಣ ವರ್ಕ್‌ಶಾಪ್‌ನವರು ಕೆಲವೊಮ್ಮೆ ಜಿಎಸ್‌ಟಿ ನೋಂದಣಿ ಮಾಡಿಸಿರುವುದಿಲ್ಲ. ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟಿನವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಹಾಗಾಗಿ ಜಿಎಸ್‌ಟಿ ನಂಬರನ್ನು ಶೀಟಿನ ಆಧಾರ ಮಾಡಿಕೊಂಡರೆ ಇಂಥವರು ಹೊರಗೆ ಉಳಿಯುತ್ತಾರೆ. ಪ್ಯಾನ್ ಆಧಾರವಾದರೆ ಎಲ್ಲರೂ ಒಳಗೆ ಬರುತ್ತಾರೆ.

ಶೀಟ್ ತೆರೆದ ತಕ್ಷಣ ಪ್ಯಾನ್, ಜಿಎಸ್‌ಟಿ, ಬ್ಯಾಂಕ್ ಖಾತೆ, ಮೊಬೈಲ್ ಕಾಲಂಗಳನ್ನು ಆಯ್ದು ಫಾರ್ಮ್ಯಾಟ್ ಅನ್ನು Text ಮಾಡಿ. ಇದನ್ನು ಟೈಪ್ ಮಾಡುವ ಮುಂಚೆಯೇ ಮಾಡಬೇಕು. ಸೊನ್ನೆಯಿಂದ ಶುರುವಾಗುವ ಖಾತೆ ನಂಬರಿನ ಸೊನ್ನೆಗಳನ್ನು ಎಕ್ಸೆಲ್ ತಿಂದುಬಿಡುತ್ತದೆ. 15 ಅಂಕಿಗಿಂತ ಉದ್ದದ ನಂಬರ್ ಇದ್ದರೆ ಕೊನೆಯ ಅಂಕಿಗಳನ್ನು ಸೊನ್ನೆ ಮಾಡುತ್ತದೆ. ಆಮೇಲೆ ಫಾರ್ಮ್ಯಾಟ್ ಬದಲಿಸಿದರೂ ಹೋದದ್ದು ವಾಪಸ್ ಬರುವುದಿಲ್ಲ.

## ಹಂತ 2: ಸಂಸ್ಥೆ ಯಾವ ಬಗೆಯದು

A ಕಾಲಂನಲ್ಲಿ ನಿಮ್ಮ ವೆಂಡರ್ ಕೋಡ್, B ಯಲ್ಲಿ ಜಿಎಸ್‌ಟಿ ನಂಬರ್, C ಯಲ್ಲಿ ಪ್ಯಾನ್ ಇರಲಿ. B ಯನ್ನು ಜಿಎಸ್‌ಟಿ ಪ್ರಮಾಣಪತ್ರ ನೋಡಿ, C ಯನ್ನು ಪ್ಯಾನ್ ಕಾರ್ಡ್ ನೋಡಿ, ಬೇರೆ ಬೇರೆಯಾಗಿ ಟೈಪ್ ಮಾಡಿ. ಒಂದರಿಂದ ಇನ್ನೊಂದನ್ನು ಕಾಪಿ ಮಾಡಬೇಡಿ. ಎರಡು ಕಾಗದ ಒಂದಕ್ಕೊಂದು ಸಾಕ್ಷಿ ಹೇಳುವುದು ಇಲ್ಲೇ.

ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ ಇರುತ್ತವೆ. ಮೊದಲ ಎರಡು ರಾಜ್ಯದ ಕೋಡ್. ಕರ್ನಾಟಕಕ್ಕೆ 29, ಗೋವಾಕ್ಕೆ 30, ಮಹಾರಾಷ್ಟ್ರಕ್ಕೆ 27. ನಂತರದ ಹತ್ತು ಅಕ್ಷರ ಪೂರ್ತಿ ಪ್ಯಾನ್. 13ನೆಯದು ಆ ಪ್ಯಾನ್‌ಗೆ ಆ ರಾಜ್ಯದಲ್ಲಿ ಇದು ಎಷ್ಟನೇ ನೋಂದಣಿ ಅನ್ನುವುದು. 14ನೆಯದು ಸಾಮಾನ್ಯವಾಗಿ Z. ಕೊನೆಯದು ತಾಳೆ ನೋಡುವ ಅಕ್ಷರ. ಪ್ಯಾನ್‌ನ ನಾಲ್ಕನೇ ಅಕ್ಷರ ಸಂಸ್ಥೆಯ ಬಗೆ ಹೇಳುತ್ತದೆ. ಅದಕ್ಕೆ D ಮತ್ತು E ಕಾಲಂನಲ್ಲಿ ಈ ಎರಡು ಸೂತ್ರ ಹಾಕಿ:

```
=MID(B2,3,10)=C2
=MID(C2,4,1)
```

ಜಿಎಸ್‌ಟಿ ನಂಬರ್ ಇರುವವರ ಸಾಲಿನಲ್ಲಿ ಮೊದಲನೆಯದು TRUE ಬರಬೇಕು. FALSE ಬಂದರೆ ಮೊದಲು O ಮತ್ತು 0, I ಮತ್ತು 1 ಅದಲುಬದಲಾಗಿವೆಯಾ ನೋಡಿ. ಪ್ಯಾನ್‌ನಲ್ಲಿ ಮೊದಲ ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ಆ ಕ್ರಮ ಗೊತ್ತಿದ್ದರೆ ಸಂಶಯವೇ ಇರುವುದಿಲ್ಲ. ಅದೂ ಸರಿ ಇದ್ದು FALSE ಬಂದರೆ ಎರಡು ಕಾಗದ ಬೇರೆ ಬೇರೆ ಸಂಸ್ಥೆಯವು. ಅಲ್ಲಿಗೇ ನಿಲ್ಲಿಸಿ, ವೆಂಡರ್‌ಗೆ ಫೋನ್ ಮಾಡಿ.

ಎರಡನೆಯ ಸೂತ್ರ P ಕೊಟ್ಟರೆ ಒಬ್ಬ ವ್ಯಕ್ತಿ, ಅಂದರೆ ಒಬ್ಬರೇ ಮಾಲೀಕರ ವ್ಯವಹಾರ. F ಅಂದರೆ ಪಾಲುದಾರಿಕೆ. ಎಲ್‌ಎಲ್‌ಪಿಗೂ ಸಾಮಾನ್ಯವಾಗಿ F ಬರುತ್ತದೆ. C ಅಂದರೆ ಕಂಪನಿ, H ಅಂದರೆ ಹಿಂದೂ ಅವಿಭಕ್ತ ಕುಟುಂಬ, T ಅಂದರೆ ಟ್ರಸ್ಟ್. ಐದನೇ ಅಕ್ಷರವೂ ಉಪಯೋಗಕ್ಕೆ ಬರುತ್ತದೆ. ವ್ಯಕ್ತಿಯಾದರೆ ಅಡ್ಡಹೆಸರಿನ ಮೊದಲ ಅಕ್ಷರ, ಸಂಸ್ಥೆಯಾದರೆ ಸಂಸ್ಥೆಯ ಹೆಸರಿನ ಮೊದಲ ಅಕ್ಷರ. ನಮ್ಮ ಕಡೆ ಎಲ್ಲರಿಗೂ ಅಡ್ಡಹೆಸರು ಇರುವುದರಿಂದ ಈ ತಾಳೆ ಚೆನ್ನಾಗಿ ಕೂಡುತ್ತದೆ.

ಈಗ ತಾರಿಹಾಳದ ಆ ವರ್ಕ್‌ಶಾಪ್ ನೋಡಿ. ತಂದೆಯವರ ಪ್ಯಾನ್‌ನಲ್ಲಿ ನಾಲ್ಕನೇ ಅಕ್ಷರ P ಇತ್ತು. ಹೊಸದರಲ್ಲಿ F ಬಂತು. ಆ ಒಂದು ಅಕ್ಷರ ನಾನು ನೋಡಿದ್ದರೆ ಇದು ಹೊಸ ಸಂಸ್ಥೆ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಜಾಬ್‌ವರ್ಕ್ ಬಿಲ್ ಮೇಲೆ ಟಿಡಿಎಸ್ ಹಿಡಿಯುವಾಗ ವ್ಯಕ್ತಿಗೆ ಮತ್ತು ಅವಿಭಕ್ತ ಕುಟುಂಬಕ್ಕೆ 1 ಶೇಕಡಾ, ಉಳಿದವರಿಗೆ 2 ಶೇಕಡಾ. ಸಾಲು ಹಳೆಯದೇ ಆಗಿದ್ದರಿಂದ ನಮ್ಮ ಅಕೌಂಟ್ಸ್‌ನವರು 1 ಶೇಕಡಾವೇ ಹಿಡಿಯುತ್ತ ಹೋದರು. ಆ ವರ್ಷ ಹೊಸ ಸಂಸ್ಥೆಯ ಜಾಬ್‌ವರ್ಕ್ ಬಿಲ್ 8,60,000 ರೂಪಾಯಿ. ಹಿಡಿದದ್ದು 8,600, ಹಿಡಿಯಬೇಕಿದ್ದದ್ದು 17,200. ಉಳಿದ 8,600 ಮತ್ತು ಅದರ ಬಡ್ಡಿ ನಮ್ಮ ಕಾರ್ಖಾನೆಯ ತಲೆಗೆ ಬಂತು.

ಹೆಸರಿಗೆ ಎರಡು ಕಾಲಂ ಇಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ Search Taxpayer ಒಳಗೆ ನಂಬರ್ ಹಾಕಿದರೆ Legal Name of Business ಮತ್ತು Trade Name ಬೇರೆ ಬೇರೆ ತೋರಿಸುತ್ತದೆ. ಒಬ್ಬರೇ ಮಾಲೀಕರಿದ್ದರೆ ಮೊದಲನೆಯದು ಮನುಷ್ಯರ ಹೆಸರು, ಎರಡನೆಯದು ಬೋರ್ಡಿನ ಹೆಸರು. ಪಿಒ ಮತ್ತು ಒಪ್ಪಂದದಲ್ಲಿ ಎರಡೂ ಇರಬೇಕು. ಅದೇ ಪುಟದಲ್ಲಿ Constitution of Business ಅಂತ ಇರುತ್ತದೆ. ನಿಮ್ಮ E ಕಾಲಂನ ಅಕ್ಷರಕ್ಕೂ ಅದಕ್ಕೂ ಹೊಂದಿಕೆ ಇದೆಯಾ ನೋಡಿ ಮುಂದೆ ಹೋಗಿ.

ಒಂದೇ ಪ್ಯಾನ್‌ಗೆ ಹುಬ್ಬಳ್ಳಿಯಲ್ಲಿ ಒಂದು, ಗೋವಾದಲ್ಲಿ ಒಂದು ಜಿಎಸ್‌ಟಿ ನಂಬರ್ ಇರಬಹುದು. ಅದು ಎರಡು ವೆಂಡರ್ ಅಲ್ಲ. ಮುಖ್ಯ ಶೀಟಿನಲ್ಲಿ ಒಂದೇ ಸಾಲು ಇಟ್ಟು, ಶಾಖೆಗಳಿಗೆ ಪಕ್ಕದ ಶೀಟಿನಲ್ಲಿ ಅದೇ ಕೋಡ್ ಕೊಟ್ಟು ಬರೆಯಿರಿ. ಯಾವ ಶಾಖೆಯಿಂದ ಬಿಲ್ ಬರುತ್ತದೆ ಅನ್ನುವುದರ ಮೇಲೆ ತೆರಿಗೆಯ ಬಗೆ ಬದಲಾಗಬಹುದು. ಅದಕ್ಕೇ ಶಾಖೆ ಬಿಡುವಂತಿಲ್ಲ.

## ಹಂತ 3: ಮಾಲೀಕರು ಯಾರು

ಬಹಳ ಜನ ತಪ್ಪುವುದು ಸಹಿ ಮಾಡುವವರನ್ನೇ ಮಾಲೀಕರು ಅಂದುಕೊಂಡು. ಎರಡಕ್ಕೂ ಬೇರೆ ಕಾಲಂ ಬೇಕು. ಮಾಲೀಕರ ಹೆಸರು, ಪಾಲು ಶೇಕಡಾ ಎಷ್ಟು, ಸಹಿ ಯಾರದ್ದು, ಪಾಲಿನ ಮಾಹಿತಿ ಯಾವ ಕಾಗದದಿಂದ ಬಂತು. ನಾಲ್ಕು ಕಾಲಂ ಸಾಕು.

ಒಬ್ಬರೇ ಇದ್ದರೆ ಕೆಲಸ ಸುಲಭ, ನೂರಕ್ಕೆ ನೂರು ಅವರದ್ದೇ. ಪಾಲುದಾರಿಕೆಯಲ್ಲಿ ಪಾಲುದಾರಿಕೆ ಪತ್ರದಲ್ಲಿರುವ ಶೇಕಡಾ ನೋಡಿ ಬರೆಯಿರಿ. ಕಂಪನಿಯಲ್ಲಿ ಜಾಸ್ತಿ ಎಚ್ಚರ ಬೇಕು. ಕಾರ್ಪೊರೇಟ್ ಸಚಿವಾಲಯದ ಪೋರ್ಟಲ್‌ನಲ್ಲಿ ಪುಕ್ಕಟೆ ಸಿಗುವುದು ನಿರ್ದೇಶಕರ ಹೆಸರು. ನಿರ್ದೇಶಕರು ಕಂಪನಿ ನಡೆಸುವವರು. ಒಡೆಯರು ಷೇರುದಾರರು. ಎರಡೂ ಒಬ್ಬರೇ ಆಗಿರಬಹುದು, ಆಗಿರದೆಯೂ ಇರಬಹುದು. ಹಾಗಾಗಿ ಷೇರುದಾರರ ಪಟ್ಟಿಯನ್ನು ಕಂಪನಿಯ ಸಹಿ, ಸೀಲಿನೊಂದಿಗೆ ಕೇಳಿ ಪಡೆಯಿರಿ.

ನಮ್ಮ ವರ್ಕ್‌ಶಾಪ್‌ನಲ್ಲಿ ತಾಯಿಯವರಿಗೆ 40, ಮಕ್ಕಳಿಗೆ ತಲಾ 30 ಶೇಕಡಾ ಪಾಲು. ತಾಯಿಯವರೇ ಮ್ಯಾನೇಜಿಂಗ್ ಪಾರ್ಟ್ನರ್. ಪಾಲುದಾರಿಕೆಗೆ ಉದ್ಯಮ್ ನೋಂದಣಿ ಆಗುವುದು ಮ್ಯಾನೇಜಿಂಗ್ ಪಾರ್ಟ್ನರ್ ಆಧಾರ್ ಮೇಲೆ. ಕೊಟೇಶನ್ ಮೇಲೂ ಅವರದ್ದೇ ಸಹಿ. ಇದೆಲ್ಲ ನೋಡಿ ನಮ್ಮಲ್ಲಿ ಯಾರೋ ‘ಮಹಿಳಾ ಒಡೆತನ: ಹೌದು’ ಅಂತ ತುಂಬಿದ್ದರು. ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಉದ್ದಿಮೆಗಳು ಅನುಸರಿಸುವ ಖರೀದಿ ನೀತಿಯಲ್ಲಿ ಪಾಲುದಾರಿಕೆಯನ್ನು ಮಹಿಳಾ ಒಡೆತನದ್ದು ಅನ್ನಬೇಕಾದರೆ ಮಹಿಳೆಯರ ಪಾಲು ಕನಿಷ್ಠ 51 ಶೇಕಡಾ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರ ಒಡೆತನಕ್ಕೂ ಅದೇ 51. ಇಲ್ಲಿ 40 ಇತ್ತು, ಹಾಗಾಗಿ ಉತ್ತರ ‘ಇಲ್ಲ’. ಈ ಕಾಲಂಗೆ ಹೌದು, ಇಲ್ಲ ಅಂತ ಕೈಯಿಂದ ಬರೆಯುವ ಬದಲು ಪಾಲಿನ ಶೇಕಡಾ ಬರೆಯಿರಿ. ಉತ್ತರ ತಾನಾಗಿಯೇ ಕಾಣುತ್ತದೆ.

ಇನ್ನೊಂದು ತಾಳೆ ಇದೇ ಹಂತದಲ್ಲಿ ಆಗಬೇಕು. ಗದಗದ ಕಡೆಯ ಮುದ್ರಣಾಲಯಗಳಿಂದ ಒಮ್ಮೆ ಲೇಬಲ್‌ಗೆ ಮೂರು ಕೊಟೇಶನ್ ತರಿಸಿದ್ದೆವು. ಮೂರು ಬೇರೆ ಹೆಸರು, ಮೂರು ಬೇರೆ ಪ್ಯಾನ್. ದರದಲ್ಲಿ ಸ್ವಲ್ಪ ಸ್ವಲ್ಪ ವ್ಯತ್ಯಾಸ. ಶೀಟಿಗೆ ಹಾಕಿದ ಮೇಲೆ ಎರಡರ ಮೊಬೈಲ್ ನಂಬರ್ ಒಂದೇ ಅಂತ ಕಂಡಿತು. ವಿಚಾರಿಸಿದರೆ ಗಂಡನದ್ದೊಂದು ಪ್ರೆಸ್, ಹೆಂಡತಿಯದ್ದೊಂದು. ಎರಡೂ ಕಾನೂನುಬದ್ಧ ವ್ಯವಹಾರಗಳೇ, ಅದರಲ್ಲಿ ತಪ್ಪಿಲ್ಲ. ಆದರೆ ನಮಗೆ ಬಂದದ್ದು ಮೂರು ದರವಲ್ಲ, ಎರಡೇ ದರ. ಮೊಬೈಲ್ H ಕಾಲಂನಲ್ಲಿ ಇದ್ದರೆ ಈ ಸೂತ್ರ ಹಾಕಿ. 1ಕ್ಕಿಂತ ಜಾಸ್ತಿ ಬಂದರೆ ಆ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ:

```
=COUNTIF(H:H,H2)
```

ವಿಳಾಸ ಮತ್ತು ಬ್ಯಾಂಕ್ ಖಾತೆಯನ್ನೂ ಹೀಗೇ ತಾಳೆ ನೋಡಿ. ವಿಳಾಸವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದರಿಂದ ಸೂತ್ರ ಕೈಕೊಡುತ್ತದೆ, ಕಣ್ಣಿನಿಂದಲೇ ನೋಡಬೇಕು. ಖಾತೆ ನಂಬರ್ 15 ಅಂಕಿಗಿಂತ ಉದ್ದ ಇದ್ದರೆ ಈ ಸೂತ್ರ ಕೊನೆಯ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದನ್ನೂ ನೆನಪಿಡಿ.

## ಹಂತ 4: ಗಾತ್ರ

‘ಎಂಎಸ್‌ಎಂಇ: ಹೌದು’ ಅಂತ ಒಂದೇ ಕಾಲಂ ಇಟ್ಟುಕೊಂಡ ಶೀಟ್‌ನಿಂದ ಯಾವ ನಿರ್ಧಾರವೂ ಆಗುವುದಿಲ್ಲ. ಇಲ್ಲಿ ಉದ್ಯಮ್ ನಂಬರ್, ವರ್ಗ, ಮುಖ್ಯ ಚಟುವಟಿಕೆ, ವರ್ಗೀಕರಣದ ವರ್ಷ, ಈ ನಾಲ್ಕೂ ಬೇಕು.

ವರ್ಗ ನಿಗದಿಯಾಗುವುದು ಯಂತ್ರೋಪಕರಣದ ಹೂಡಿಕೆ ಮತ್ತು ವರ್ಷದ ವಹಿವಾಟು ಎರಡನ್ನೂ ಸೇರಿಸಿ ನೋಡಿ. 2025ರ ಏಪ್ರಿಲ್ 1ರಿಂದ ಮಿತಿಗಳು ಬದಲಾಗಿವೆ. ಮೈಕ್ರೋಗೆ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ. ಸ್ಮಾಲ್‌ಗೆ 25 ಕೋಟಿ ಮತ್ತು 100 ಕೋಟಿ. ಮೀಡಿಯಂಗೆ 125 ಕೋಟಿ ಮತ್ತು 500 ಕೋಟಿ. ಎರಡರಲ್ಲಿ ಒಂದು ದಾಟಿದರೂ ಮೇಲಿನ ವರ್ಗಕ್ಕೆ ಹೋಗುತ್ತದೆ. ಹಳೆಯ ಮಿತಿಯಲ್ಲಿ ಮೈಕ್ರೋದ ವಹಿವಾಟು 5 ಕೋಟಿಗೆ ನಿಲ್ಲುತ್ತಿತ್ತು. ಹಾಗಾಗಿ 90 ಲಕ್ಷ ಹೂಡಿಕೆ, 6 ಕೋಟಿ ವಹಿವಾಟಿನ ಒಂದು ಘಟಕ ಹಳೆಯ ಲೆಕ್ಕದಲ್ಲಿ ಸ್ಮಾಲ್, ಹೊಸ ಲೆಕ್ಕದಲ್ಲಿ ಮೈಕ್ರೋ. ವರ್ಷ ಬರೆಯದೆ ಬರೀ ‘ಸ್ಮಾಲ್’ ಅಂತ ಬರೆದರೆ ಯಾವ ಕಾಲದ ಸ್ಮಾಲ್ ಅಂತ ಯಾರಿಗೆ ಗೊತ್ತಾಗಬೇಕು?

ಚಟುವಟಿಕೆಯ ಕಾಲಂ ಅಷ್ಟೇ ಮುಖ್ಯ. ಮೈಕ್ರೋ ಮತ್ತು ಸ್ಮಾಲ್ ಘಟಕಗಳಿಗೆ ಲಿಖಿತ ಒಪ್ಪಂದ ಇದ್ದರೆ ಅದರಲ್ಲಿ ಬರೆದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆದಾಯ ತೆರಿಗೆ ಲೆಕ್ಕದಲ್ಲೂ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಕಳೆಯಬಹುದು. ಈ ರಕ್ಷಣೆ ಮೀಡಿಯಂಗೆ ಇಲ್ಲ. ಬರೀ ವ್ಯಾಪಾರ ಮಾಡುವವರಿಗೂ ಇಲ್ಲ. ಅವರಿಗೆ ಉದ್ಯಮ್ ನಂಬರ್ ಸಿಗುವುದು ಬ್ಯಾಂಕ್ ಸಾಲದ ಅನುಕೂಲಕ್ಕೆ. ಗೋಕುಲ ರೋಡ್‌ನಲ್ಲಿ ಬೋಲ್ಟ್ ತಯಾರಿಸುವವರು, ಅದೇ ಬೋಲ್ಟನ್ನು ಕೊಂಡು ಮಾರುವ ಅಂಗಡಿಯವರು, ಇಬ್ಬರ ಕೈಯಲ್ಲೂ ಉದ್ಯಮ್ ಪ್ರಮಾಣಪತ್ರ ಇರುತ್ತದೆ. ಪಾವತಿಯ ಗಡುವು ಇಬ್ಬರಿಗೂ ಒಂದೇ ಅಲ್ಲ. ಪ್ರಮಾಣಪತ್ರದಲ್ಲಿ Major Activity ಅನ್ನುವ ಜಾಗ ನೋಡಿ ತುಂಬಿ.

ಕರ್ನಾಟಕದ ಉದ್ಯಮ್ ನಂಬರ್ `UDYAM-KR-` ಅಂತ ಶುರುವಾಗುತ್ತದೆ. ಪ್ರತಿಯ ಮೇಲೆ ನಂಬಿಕೆ ಇಡದೆ ಉದ್ಯಮ್ ಪೋರ್ಟಲ್‌ನ Verify ಪುಟದಲ್ಲಿ ನಂಬರ್ ಹಾಕಿ, ಅಲ್ಲಿ ಬರುವ ಸಂಸ್ಥೆಯ ಹೆಸರನ್ನು ನಿಮ್ಮ ಶೀಟಿನ ಕಾನೂನು ಹೆಸರಿನ ಜೊತೆ ಹೋಲಿಸಿ. ತಾರಿಹಾಳದ ಸಾಲಿನಲ್ಲಿ ಮಾರ್ಚ್‌ವರೆಗೂ ಇದ್ದದ್ದು ತಂದೆಯವರ ಉದ್ಯಮ್ ನಂಬರ್. ಹೊಸ ಪಾಲುದಾರಿಕೆ ತನ್ನದೇ ನೋಂದಣಿ ಮಾಡಿಸಿದ್ದು ಡಿಸೆಂಬರ್‌ನಲ್ಲಿ. ಹೊಸ ಜಿಎಸ್‌ಟಿ ನಂಬರ್ ಬಂದ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಹೊಸ ಸಂಸ್ಥೆಗೆ ಉದ್ಯಮ್ ನೋಂದಣಿಯೇ ಇರಲಿಲ್ಲ, ನಮ್ಮ ಶೀಟ್ ಮಾತ್ರ ‘ಮೈಕ್ರೋ’ ಅನ್ನುತ್ತಿತ್ತು. ಆದ್ದರಿಂದ ನೋಂದಣಿಯ ದಿನಾಂಕಕ್ಕೂ ಒಂದು ಕಾಲಂ ಕೊಡಿ.

## ಹಂತ 5: ಸ್ಥಿತಿ

‘ಆಕ್ಟಿವ್’ ಅನ್ನುವ ಒಂದು ಪದ ಯಾವ ದಾಖಲೆಯಲ್ಲಿ ಆಕ್ಟಿವ್ ಅಂತ ಹೇಳುವುದಿಲ್ಲ. ಸ್ಥಿತಿಯನ್ನು ಬಿಡಿಸಿ ಬರೆಯಿರಿ: ಜಿಎಸ್‌ಟಿ ಸ್ಥಿತಿ, ಕಂಪನಿಯಾದರೆ ಸಚಿವಾಲಯದ ದಾಖಲೆಯ ಸ್ಥಿತಿ, ನಮ್ಮ ಒಳಗಿನ ಸ್ಥಿತಿ. ಪ್ರತಿಯೊಂದರ ಪಕ್ಕದಲ್ಲಿ ನೋಡಿದ ದಿನಾಂಕ.

ಜಿಎಸ್‌ಟಿ ಪೋರ್ಟಲ್‌ನಲ್ಲಿ Active, Suspended, Cancelled ಅಂತ ಬರುತ್ತದೆ. Suspended ಇದ್ದರೆ ಅವರು ಆ ಅವಧಿಯಲ್ಲಿ ತೆರಿಗೆ ಹಾಕಿ ಮಾರುವಂತಿಲ್ಲ, ಹೊಸ ಪಿಒ ಕೊಡಬೇಡಿ. Cancelled ಇದ್ದರೆ ಯಾವ ದಿನಾಂಕದಿಂದ ಅಂತ ಬರೆದುಕೊಳ್ಳಿ. Taxpayer Type ಕೂಡ ನೋಡಿ. Composition ಅಂತ ಇದ್ದರೆ ಅವರು ನಿಮ್ಮಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಬಿಲ್‌ನಲ್ಲಿ ಜಿಎಸ್‌ಟಿ ಹಾಕಿದ್ದರೆ ವಾಪಸ್ ಕಳಿಸಿ.

ಅದೇ ಪುಟದಲ್ಲಿ ರಿಟರ್ನ್ ಸಲ್ಲಿಸಿದ ಪಟ್ಟಿ ಇದೆ. GSTR-3B ಎರಡು ತಿಂಗಳು ಕಾಣದಿದ್ದರೆ ಗಾಬರಿಯಾಗುವ ಮುಂಚೆ ಅವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಾ ಅಂತ ಕೇಳಿ. ಸಣ್ಣವರಲ್ಲಿ ಬಹಳ ಜನ ಹಾಗೇ ಮಾಡುತ್ತಾರೆ. ತಿಂಗಳು ತಿಂಗಳು ಸಲ್ಲಿಸುತ್ತಿದ್ದವರು ಎರಡು ತಿಂಗಳು ನಿಲ್ಲಿಸಿದರೆ ಮಾತ್ರ ಅದು ಎಚ್ಚರಿಕೆಯ ಗಂಟೆ.

ನಮಗೆ ಪೆಟ್ಟು ಬಿದ್ದದ್ದು ಇಲ್ಲಿಯೇ. ತಂದೆಯವರು ತೀರಿಕೊಂಡದ್ದು ಜೂನ್‌ನಲ್ಲಿ, ಹೊಸ ನಂಬರ್ ಬಂದದ್ದು ಆಗಸ್ಟ್‌ನಲ್ಲಿ. ನಡುವೆ ಮಕ್ಕಳು ಹಳೆ ಬಿಲ್ ಪುಸ್ತಕದಲ್ಲೇ ಎರಡು ಬಿಲ್ ಹರಿದುಕೊಟ್ಟಿದ್ದರು. ಮೋಸದ ಉದ್ದೇಶ ಇರಲಿಲ್ಲ, ಮನೆಯಲ್ಲಿ ಸೂತಕ, ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಎರಡೂ ಸೇರಿ ಬ್ರ್ಯಾಕೆಟ್ ಸಪ್ಲೈ 1,10,000 ರೂಪಾಯಿ, ಮೇಲೆ 18 ಶೇಕಡಾ ಜಿಎಸ್‌ಟಿ 19,800. ಹಳೆ ನಂಬರ್ ಹಿಂದಿನ ದಿನಾಂಕದಿಂದ ರದ್ದಾಗಿತ್ತು. ಬಿಲ್‌ಗಳು ನಮ್ಮ GSTR-2B ಯಲ್ಲಿ ಬರಲೇ ಇಲ್ಲ. ಆ 19,800 ಕ್ರೆಡಿಟ್ ನಮಗೆ ಸಿಗಲಿಲ್ಲ. ಸರಕು ಬಂದ ದಿನ ಪೋರ್ಟಲ್ ನೋಡಿದ್ದರೂ ಬಹುಶಃ Active ಅಂತಲೇ ಇರುತ್ತಿತ್ತು. ಆದರೆ ಮಾಲೀಕರು ತೀರಿಕೊಂಡ ಸುದ್ದಿ ನಮಗೆ ಗೊತ್ತಿತ್ತು, ನಾವೇ ಮಣ್ಣಿಗೆ ಹೋಗಿ ಬಂದಿದ್ದೆವು. ಒಬ್ಬರೇ ಮಾಲೀಕರ ಸಾಲಿನಲ್ಲಿ ಇಂಥ ಸುದ್ದಿ ಬಂದ ದಿನವೇ ನಮ್ಮ ಒಳಗಿನ ಸ್ಥಿತಿ ‘ತಡೆ’ ಆಗಬೇಕು. ಅವರಿಗೆ ಗೌರವ ಕೊಟ್ಟೇ ಇದನ್ನು ಹೇಳಬಹುದು: “ತಮ್ಮಾ, ಹೊಸ ನಂಬರ್ ಬರೂತನಕ ಚಲನ್ ಮ್ಯಾಲೆ ಮಾಲು ಕೊಡಬ್ಯಾಡ್ರಿ, ಮೊದ್ಲ ನಿಮ್ಮ ಸಿಎ ಸಾಹೇಬ್ರನ್ನ ಕೇಳ್ರಿ.”

ದಿನಾಂಕ N ಕಾಲಂನಲ್ಲಿ ಇದ್ದರೆ, ಮೂರು ತಿಂಗಳಿಗೊಮ್ಮೆ ನೆನಪಿಸಲು:

```
=IF(TODAY()-N2>90,"ಮತ್ತೆ ನೋಡಿ","")
```

ದೊಡ್ಡ ಮೊತ್ತದ ಪಿಒ ಇದ್ದರೆ 90 ದಿನ ಕಾಯಬೇಡಿ, ಅವತ್ತೇ ನೋಡಿ.

## ಹಂತ 6: ಬದಲಾವಣೆ ಬಂದಾಗ

ಕೇಳಬೇಕಾದ ಪ್ರಶ್ನೆ ಒಂದೇ: ಪ್ಯಾನ್ ಬದಲಾಯಿತಾ? ವಿಳಾಸ, ಫೋನ್, ಸಹಿ ಮಾಡುವವರು, ಉದ್ಯಮ್ ವರ್ಗ ಬದಲಾದರೆ ಅದೇ ಸಾಲನ್ನು ತಿದ್ದಿ, ಹಳೆಯ ಮಾಹಿತಿಯನ್ನು ದಿನಾಂಕದ ಜೊತೆ ಟಿಪ್ಪಣಿ ಕಾಲಂಗೆ ಹಾಕಿ. ಪ್ಯಾನ್ ಬದಲಾದರೆ ಹೊಸ ಸಾಲು, ಹೊಸ ಕೋಡ್, ಹೊಸ ಕಾಗದ. ಒಬ್ಬರೇ ನಡೆಸುತ್ತಿದ್ದವರು ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡರೂ ಇದೇ ನಿಯಮ. ಮನುಷ್ಯ ಅವನೇ, ಪ್ಯಾನ್ ಬೇರೆ.

ಹಳೆಯ ಸಾಲನ್ನು ಅಳಿಸಬೇಡಿ, ಅದರ ಕೋಡನ್ನು ಬೇರೆಯವರಿಗೆ ಕೊಡಬೇಡಿ. ಹಳೆಯ ಬಿಲ್‌ಗಳ ಬಾಕಿ ಅಲ್ಲೇ ನಿಂತಿರುತ್ತದೆ. ತೀರಿಕೊಂಡವರಿಗೆ ಕೊಡಬೇಕಿದ್ದ ಹಣ ವಾರಸುದಾರರಿಗೆ ಸೇರಿದ್ದು. ಹೊಸ ಪಾಲುದಾರಿಕೆಯ ಖಾತೆಗೆ ಸುಮ್ನೆ ಹಾಕಿಬಿಟ್ಟರೆ ನಾಳೆ ಮದುವೆಯಾಗಿ ಹೋದ ಮಗಳು ಬಂದು ಕೇಳಬಹುದು. ಯಾರಿಗೆ, ಯಾವ ಕಾಗದದ ಮೇಲೆ ಕೊಡಬೇಕು ಅನ್ನುವುದನ್ನು ಅಕೌಂಟ್ಸ್ ಮತ್ತು ವಕೀಲರಿಂದ ಬರಹದಲ್ಲಿ ಪಡೆದು ಕೊಡಿ.

ನಾವು ಕೊನೆಗೆ ಸರಿಪಡಿಸಿದಾಗ ತಾರಿಹಾಳದ ಒಂದು ಸಾಲು ಎರಡಾಯಿತು. ಹಳೆಯದು: ಬಗೆ P, ಮಾಲೀಕರು ಒಬ್ಬರೇ, ಉದ್ಯಮ್ ಹಳೆಯದು, ಜಿಎಸ್‌ಟಿ ರದ್ದು, ನಮ್ಮ ಸ್ಥಿತಿ ‘ಮುಚ್ಚಿದೆ, ಬಾಕಿ ಪಾವತಿಗೆ ಮಾತ್ರ’, ಮುಂದಿನ ಕೋಡ್ ಕಾಲಂನಲ್ಲಿ ಹೊಸ ಕೋಡ್. ಹೊಸದು: ಬಗೆ F, ಪಾಲು 40, 30, 30, ಸಹಿ ತಾಯಿಯವರದ್ದು, ಉದ್ಯಮ್ ಡಿಸೆಂಬರ್‌ನದ್ದು, ಮೈಕ್ರೋ, ತಯಾರಿಕೆ, ಜಿಎಸ್‌ಟಿ ಸಕ್ರಿಯ, ಹಿಂದಿನ ಕೋಡ್ ಕಾಲಂನಲ್ಲಿ ಹಳೆ ಕೋಡ್. ಸ್ಟೋರ್‌ನವರಿಗೆ ಗೊಂದಲ ಆಗಬಾರದು ಅಂತ ಬೋರ್ಡಿನ ಹೆಸರಿನ ಕಾಲಂನಲ್ಲಿ ಎರಡರಲ್ಲೂ ಅದೇ ಹೆಸರು ಬಿಟ್ಟು, ಹಳೆಯ ಸಾಲಿಗೆ ಬೂದು ಬಣ್ಣ ಬಳಿದೆವು.